ಮಾಲ್ಗುಡಿ ಡೇಸ್ ನಾವು ನೋಡಿದ್ದು ಕನ್ನಡದಲ್ಲೇ ಅಲ್ವಾ?

ಪೆರ್ಲದಿಂದ ಒಬ್ಬರು ಕೇಳಿದ್ದಾರೆ: "ಚಿಕ್ಕಂದಿನಲ್ಲಿ ದೂರದರ್ಶನದಲ್ಲಿ ಮಾಲ್ಗುಡಿ ಡೇಸ್ ಕನ್ನಡದಲ್ಲಿ ನೋಡಿದ್ದೆವು. ಈಗ ಮರುಪ್ರಸಾರದಲ್ಲಿ ಹಿಂದಿ ಯಾಕೆ? ಹಳೆಯ ಕನ್ನಡದ್ದು ಎಲ್ಲಿ ಹೋಯಿತು?"

ಎಲ್ಲಿಗೂ ಹೋಗಿಲ್ಲ. ಆಗ ಅದು ಇರಲೇ ಇಲ್ಲ. ಈ ಮಾತನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆದರೂ ಮದುವೆ ಮನೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೊಬ್ಬರು "ನಾನೇ ನೋಡಿದ್ದೇನೆ ಮಾಸ್ಟ್ರೇ" ಅನ್ನುತ್ತಾರೆ.

ಶಂಕರನಾಗ್ ಆ ಧಾರಾವಾಹಿಯನ್ನು ಮಾಡಿದ್ದು ಹಿಂದಿ ಮತ್ತು ಇಂಗ್ಲಿಷಿನಲ್ಲಿ. ನಮ್ಮ ಮನೆಗಳಿಗೆ ಬಂದದ್ದು ಹಿಂದಿಯದು. ಆ ಕಾಲದಲ್ಲಿ ಅದನ್ನು ಕನ್ನಡಕ್ಕೆ ಡಬ್ ಮಾಡುವ ಮಾತೇ ಇರಲಿಲ್ಲ. ಕನ್ನಡದಲ್ಲಿ ಡಬ್ಬಿಂಗಿಗೆ 1960ರ ದಶಕದಿಂದಲೂ ವಿರೋಧವಿತ್ತು, ಟೀವಿಗೂ ಅದೇ ಕಟ್ಟು ಬಂತು. ಆ ತಡೆ ಸಡಿಲವಾದದ್ದು 2015ರಲ್ಲಿ ಸ್ಪರ್ಧಾ ಆಯೋಗದ ತೀರ್ಪು ಬಂದ ಮೇಲೆ. ಮಾಲ್ಗುಡಿ ಕನ್ನಡದಲ್ಲಿ ಟೀವಿಗೆ ಬಂದದ್ದು 2020ರ ಲಾಕ್‌ಡೌನಿನಲ್ಲಿ. ಅದನ್ನು ನೋಡುವಾಗ ತುಟಿಯನ್ನು ಗಮನಿಸಿ. ಪ, ಬ, ಮ ಹೇಳಬೇಕಾದರೆ ತುಟಿ ಮುಚ್ಚಲೇಬೇಕು. "ಅಮ್ಮ" ಅಂತ ಕೇಳಿಸುವಾಗ ಹುಡುಗನ ತುಟಿ ತೆರೆದೇ ಇದ್ದರೆ, ಆ ದನಿ ಆಮೇಲೆ ಕೂರಿಸಿದ್ದು.

ಹಾಗಾದರೆ ನೆನಪು ಸುಳ್ಳೇ? ಸುಳ್ಳು ಹೇಳುತ್ತಿದ್ದೀರಿ ಅಂತ ನಾನು ಖಂಡಿತ ಹೇಳುವುದಿಲ್ಲ. ನಮ್ಮ ಮನೆಯದನ್ನೇ ಹೇಳುತ್ತೇನೆ. ಕಂಗಿನ ತೋಟದ ಬದಿಯಲ್ಲಿ ಆಂಟೆನಾ. ಒಳಗೆ ಹದಿನೈದು ಇಪ್ಪತ್ತು ಜನ. ಹಿಂದಿ ಪರೀಕ್ಷೆ ಕಟ್ಟಿದ್ದವರು ಸೋದರಮಾವ ಒಬ್ಬರೇ. ಸ್ವಾಮಿಯ ಅಪ್ಪ ಬಾಯಿ ತೆರೆದ ಕೂಡಲೇ ಮಾವ ಜೋರಾಗಿ, "ಲೆಕ್ಕ ಮಾಡಿದ್ದೀಯಾ ಅಂತ ಕೇಳ್ತಿದ್ದಾರೆ" ಅನ್ನುತ್ತಿದ್ದರು. ಅಜ್ಜಿಗೆ ಕೇಳಿಸಿದ್ದು ಟೀವಿಯಲ್ಲ, ಮಾವನ ದನಿ. ಪರದೆಯಲ್ಲಿದ್ದವರೋ ಗಿರೀಶ ಕಾರ್ನಾಡ, ವೈಶಾಲಿ ಕಾಸರವಳ್ಳಿ, ಮಾಸ್ಟರ್ ಮಂಜುನಾಥ್. ಮನೆ ಆಗುಂಬೆಯದು, ನಮ್ಮ ಜಗಲಿಯ ಹಾಗೆಯೇ. ಎಲ್.ವೈದ್ಯನಾಥನ್ ಅವರ ಶೀರ್ಷಿಕೆ ಸಂಗೀತದಲ್ಲಿ "ತಾನನನ" ಬಿಟ್ಟರೆ ಮಾತೇ ಇಲ್ಲ. ಇಷ್ಟೆಲ್ಲ ನಮ್ಮದಾಗಿರುವಾಗ ಮಾತು ಮಾತ್ರ ಹಿಂದಿ ಅಂತ ಮನಸ್ಸು ಯಾಕೆ ನೆನಪಿಟ್ಟುಕೊಳ್ಳಬೇಕು?

ವರ್ಷಾಚರಣೆಯ ಕಾರ್ಯಕ್ರಮಗಳು ಈ ತಪ್ಪನ್ನು ಇನ್ನೂ ಗಟ್ಟಿ ಮಾಡುತ್ತವೆ. ಅವು ತೋರಿಸುವುದು ಶೀರ್ಷಿಕೆ ಸಂಗೀತದ ಒಂದು ತುಣುಕು, ಮನೆಯ ಜಗಲಿ, ಓಡುವ ಹುಡುಗ. ಸಂಭಾಷಣೆ ಇರುವುದಿಲ್ಲ, ಮೇಲೆ ನಿರೂಪಕಿಯ ಕನ್ನಡ ಹರಿಯುತ್ತದೆ. ಅದನ್ನೇ ನಾಲ್ಕು ಸಲ ನೋಡಿದವರಿಗೆ ಮೂಲ ಕಂತೂ ಕನ್ನಡದ್ದೇ ಅನಿಸುತ್ತದೆ. ಆಮೇಲೆ ಪೂರ್ತಿ ಕಂತು ಮರುಪ್ರಸಾರವಾದಾಗ ಹಿಂದಿ ಕೇಳಿ ಗಾಬರಿ.

ಇನ್ನೊಂದು ಸಂಗತಿ, ಯಾರೂ ಕೇಳದಿದ್ದರೂ ಹೇಳಬೇಕು. ನಮ್ಮ ಕಾಸರಗೋಡಿನಲ್ಲಿ ಪಕ್ಕದ ಮನೆಯವರು ಮಲಯಾಳಿಗಳು. ಅದೇ ವಾರ, ಅದೇ ಕಂತನ್ನು ಅವರೂ ನೋಡುತ್ತಿದ್ದರು. ಮೊನ್ನೆ ಆ ಮನೆಯ ಚೇಚಿಯನ್ನು ಕೇಳಿದೆ. ಸ್ವಲ್ಪ ಯೋಚಿಸಿ ಅವರು ಹೇಳಿದರು: "ಅದು ಮಲಯಾಳದಲ್ಲಿತ್ತಲ್ಲ ಮಾಷೇ? ಅಚ್ಛನ ಪಕ್ಕ ಕೂತು ನೋಡುತ್ತಿದ್ದೆ."