ಮೂರನೇ ದಿನಕ್ಕೇ ‘ನೀವು’ ಹೋಗಿ ‘ನೀ’ ಬಂತು

ಕಲಬುರಗಿಯ ಬ್ಯಾಂಕೊಂದರಲ್ಲಿ ಕೆಲಸ ಮಾಡುವ ಗೆಳತಿ ಫೋನನ್ನು ನನ್ನ ಕೈಗಿಟ್ಟು, ‘ಓದಿ ಹೇಳು, ಇದು ಪ್ರೀತಿ ಹೌದೋ ಅಲ್ಲೋ?’ ಅಂದಳು. ಡೇಟಿಂಗ್ ಆ್ಯಪ್‌ನಲ್ಲಿ ಸಿಕ್ಕ ಬೀದರಿನ ಹುಡುಗ. ಮೊದಲ ರಾತ್ರಿ ‘ಊಟ ಆಯ್ತೇನ್ರಿ ಮೇಡಂ?’ ಎರಡನೇ ರಾತ್ರಿ ‘ನಿಮ್ಮಂಥೋರು ಲಕ್ಷಕ್ಕೊಬ್ರು’. ಮೂರನೇ ದಿನ ‘ನೀ ನನ್ನ ಜೀವ’. ನಾಲ್ಕನೇ ದಿನ ‘ನಮ್ಮ ಅವ್ವಗ ನಿನ್ನ ವಿಷಯ ಹೇಳೀನಿ’.

ಹೀಗೆ ಅಕ್ಕರೆಯ ಮಳೆ ಸುರಿಸಿ ಮನಸ್ಸು ಕಟ್ಟಿಹಾಕುವುದಕ್ಕೆ ‘ಲವ್ ಬಾಂಬಿಂಗ್’ ಎನ್ನುತ್ತಾರೆ. 1970ರ ದಶಕದಲ್ಲಿ ಯೂನಿಫಿಕೇಶನ್ ಚರ್ಚ್ ಎಂಬ ಪಂಥ ಹೊಸಬರನ್ನು ಒಳಗೆ ಸೆಳೆಯುತ್ತಿದ್ದ ರೀತಿಗೆ ಅಂಟಿದ ಹೆಸರಿದು. ಮೆಸೇಜಿನಲ್ಲಿ ಇದು ಇನ್ನೂ ಸಲೀಸು. ಅಕ್ಷರಗಳ ನಡುವಿನ ಖಾಲಿ ಜಾಗವನ್ನು ಓದುವವರೇ ತಮಗೆ ಬೇಕಾದ ಒಳ್ಳೆಯತನದಿಂದ ತುಂಬಿಕೊಳ್ಳುತ್ತಾರೆ ಎಂದು ಸಂವಹನ ತಜ್ಞ ಜೋಸೆಫ್ ವಾಲ್ಥರ್ 1996ರಲ್ಲಿ ವಿವರಿಸಿದ್ದರು. ದನಿ, ಕಣ್ಣು, ಮುಜುಗರ ಯಾವುದೂ ಎದುರಿಗಿಲ್ಲವಲ್ಲ.

ನಾನು ಮೊದಲು ಹೊಗಳಿಕೆ ಪಕ್ಕಕ್ಕಿಟ್ಟು, ಆ ನಾಲ್ಕು ದಿನಗಳಲ್ಲಿ ಇವಳು ತನ್ನ ಬಗ್ಗೆ ಏನೇನು ಹೇಳಿದ್ದಾಳೆಂದು ಹುಡುಕಿದೆ. ಬ್ಯಾಂಕಿನ ಕೆಲಸ, ಊರಿನ ‘ಅಪ್ಪನ ಕೆರೆ’ ಕಡೆ ಸಂಜೆ ತಿರುಗಾಟ, ಹಾಲು ಹಾಕದ ಚಹಾ. ಅಷ್ಟೇ. ಅವನ ಒಂದು ಹೊಗಳಿಕೆಯೂ ಈ ಮೂರನ್ನು ಮುಟ್ಟಿರಲಿಲ್ಲ. ಅವಳ ಹೆಸರು ಅಳಿಸಿ ಯಾದಗಿರಿಯ ಇನ್ನೊಬ್ಬಳಿಗೆ ಕಳಿಸಿದರೂ ಒಂದಕ್ಷರ ಬದಲಿಸಬೇಕಾಗಿರಲಿಲ್ಲ. ವೇಗ ಒಂದೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಪರಿಚಯ ಇದ್ದಲ್ಲೇ ಇದ್ದು ಸಲಿಗೆ ಮಾತ್ರ ಓಡುತ್ತಿದ್ದುದು ಅನುಮಾನ ಹುಟ್ಟಿಸಿತು. ಕನ್ನಡದಲ್ಲಂತೂ ಆ ಓಟ ಬರಿಗಣ್ಣಿಗೆ ಕಾಣುತ್ತದೆ: ‘ರೀ’ ಯಾವಾಗ ಉದುರಿತು, ಯಾರನ್ನು ಕೇಳಿ ಉದುರಿತು?

ಆಮೇಲೆ ಒಂದು ಸಣ್ಣ ‘ಬ್ಯಾಡ’ ಹೇಳಿಸಿ ನೋಡಿದೆವು. ಬುಧವಾರ ರಾತ್ರಿ ಅವಳು ಬರೆದಳು: ‘ಆಡಿಟ್ ನಡದದ, ಶನಿವಾರ ಮಾತಾಡೋಣ.’ ಒಂದು ತಾಸಿನೊಳಗ 14 ಮೆಸೇಜ್. ಮೊದಲು ಅಳು, ನಡುವೆ ‘ಬ್ಯಾರೆ ಯಾರರ ಅದಾರೇನು?’, ಕೊನೆಗೆ ಕ್ಷಮೆ, ಮತ್ತೆ ಹೊಗಳಿಕೆ. ಬೈಗುಳಕ್ಕಿಂತ ಆ ಕ್ಷಮೆಯೇ ಹೆಚ್ಚು ಹಿಡಿದಿಡುತ್ತದೆ. ಯಾವಾಗ ಬಿಸಿ, ಯಾವಾಗ ತಂಪು ಎಂದು ಗೊತ್ತಾಗದ ಪ್ರೀತಿಗೆ ಮನಸ್ಸು ಕಾಯುತ್ತಾ ಕೂರುತ್ತದೆ.

ಆದರೆ ಈ ಪರೀಕ್ಷೆ ಎರಡೂ ಕಡೆ ತಪ್ಪಬಹುದು. ಒಂಟಿತನದಲ್ಲಿ ಬೆಂದವನೂ, ಬಿಟ್ಟುಹೋದಾರೆಂದು ಹೆದರುವವನೂ ಹೀಗೇ ಧಾವಂತ ಮಾಡುತ್ತಾನೆ. ಒಮ್ಮೆ ಹೇಳಿದರೆ ಅಂಥವರಲ್ಲಿ ಬಹಳ ಮಂದಿ ನಾಚಿ ನಿಧಾನವಾಗುತ್ತಾರೆ. ದುಡ್ಡಿಗೆ ಗಾಳ ಹಾಕುವ ಪಳಗಿದ ವಂಚಕನಾದರೆ ‘ಆಗ್ಲಿ ರೀ’ ಎಂದು ತಿಂಗಳುಗಟ್ಟಲೆ ಕಾಯಬಲ್ಲ. ಅವನು ಇದರಲ್ಲಿ ಪಾಸಾಗುತ್ತಾನೆ. ಮೆಸೇಜಿನಿಂದ ಒತ್ತಡ ತಿಳಿದೀತು, ಉದ್ದೇಶ ತಿಳಿಯದು.

ಶನಿವಾರ ಇವಳೇ ಮತ್ತೆ ‘ರೀ’ ಹಚ್ಚಿ ಕೇಳಿದಳು: ‘ನಾ ಎಂಥಾ ಚಹಾ ಕುಡೀತೀನಿ, ಹೇಳ್ರಿ?’

‘ನಿನ್ನ ಕೈಯಾಗಿಂದು ಯಾವ್ದಾದ್ರೂ ಅಮೃತ, ಚಿನ್ನ’ ಎಂದು ಉತ್ತರ ಬಂತು.