ಹಳ್ಳಿಯ ಸಭೆಗೆ ‘ವಿಮೋಚನೆ’ಯನ್ನು ಹೇಗೆ ಹೇಳುವುದು?

ಪ್ರಶ್ನೆ: ಹೊಸನಗರದ ಕಡೆಯ ಸಣ್ಣ ಸಭೆಯಲ್ಲಿ ಪ್ರಸಂಗ ಮಾಡುತ್ತೇನೆ. ಹೆಚ್ಚಿನವರು ಅಡಿಕೆ ತೋಟದ ಕೆಲಸದವರು. ‘ವಿಮೋಚನೆ’ ಎಂದರೆ ತಲೆಯಾಡಿಸುತ್ತಾರೆ, ಹಾಗೆಂದರೇನು ಅಂತ ಕೇಳಿದರೆ ಸುಮ್ಮನಾಗುತ್ತಾರೆ. ‘ಬಿಡುಗಡೆ’ ಎಂದರೆ ಸಾಕೇ?

ಉತ್ತರ: ಎಲ್ಲ ಕಡೆ ಸಾಕಾಗುವುದಿಲ್ಲ. ಅವಧಿ ಮುಗಿಸಿ ಜೈಲಿನಿಂದ ಬಂದವನಿಗೂ ‘ಬಿಡುಗಡೆ’ ಆಯಿತು ಅನ್ನುತ್ತೇವೆ. ಅಲ್ಲಿ ಅವನಿಗಾಗಿ ಯಾರೂ ಏನೂ ತೆತ್ತಿರುವುದಿಲ್ಲ. ಎಫೆಸ 1:7ರಲ್ಲಿ ‘ಆತನ ರಕ್ತದ ಮೂಲಕ’ ಎಂಬ ಮಾತಿದೆ. ಅಲ್ಲಿ ತೆತ್ತ ಬೆಲೆಯೂ ಕೇಳುವವರ ಕಿವಿಗೆ ಬೀಳಬೇಕು.

ಮಾರ್ಕ 10:45ಕ್ಕೆ ಹಳೆಯ ಅನುವಾದ ಬಳಸಿದ ‘ಈಡು ಕೊಡು’ ಎಂಬ ಮಾತೂ ಈಗ ತೊಡಕು. ಸೊಸೈಟಿ ಸಾಲಕ್ಕೆ ಪತ್ರ ಇಟ್ಟು ಬಂದವರಿಗೆ ಈಡು ಎಂದರೆ ಅಡವು, ಸಾಲ ತೀರಿದ ಮೇಲೆ ವಾಪಸು ಬರುವಂಥದ್ದು. ಮೂಲದ ಗ್ರೀಕ್ ಪದ ‘ಲೂಟ್ರಾನ್’ ಹೇಳುವುದು ಸೆರೆಯಾಳನ್ನೋ ದಾಸನನ್ನೋ ಬಿಡಿಸಲು ತೆರುವ ಹಣವನ್ನು.

ಹತ್ತಿರದ ಚಿತ್ರ ಜೀತದ್ದು, ಅದು ಬೈಬಲ್ಲಿನಲ್ಲೇ ಇದೆ. ಯಾಜಕಕಾಂಡ 25:47–49ರಲ್ಲಿ ಬಡತನಕ್ಕೆ ತನ್ನನ್ನೇ ಮಾರಿಕೊಂಡವನನ್ನು ಅಣ್ಣತಮ್ಮನೋ ಚಿಕ್ಕಪ್ಪನೋ ಹಣ ಕೊಟ್ಟು ಬಿಡಿಸಬಹುದು. ಹಾಗಾಗಿ ವೇದಪಾಠದಲ್ಲಿ ‘ವಿಮೋಚನೆ’ ಎಂದೇ ಓದಿ, ಕೂಡಲೇ ಬಿಡಿಸಿ ಹೇಳಿ: “ನಾವು ಪಾಪದ ಜೀತದಲ್ಲಿದ್ದೆವು. ಬಿಡಿಸಿಕೊಳ್ಳಲು ನಮ್ಮ ಕೈಲಿ ಏನೂ ಇರಲಿಲ್ಲ. ಯೇಸು ತನ್ನ ಪ್ರಾಣ ಕೊಟ್ಟು ನಮ್ಮನ್ನು ಬಿಡಿಸಿಕೊಂಡನು.” ‘ಬಿಡಿಸಿದನು’ ಅನ್ನುವುದಕ್ಕಿಂತ ‘ಬಿಡಿಸಿಕೊಂಡನು’ ಒಳ್ಳೆಯದು, ಇನ್ನು ನಾವು ಆತನವರು ಎಂಬ 1 ಕೊರಿಂಥ 6:20ರ ಅರ್ಥವೂ ಅದರೊಳಗೆ ಬರುತ್ತದೆ. ಹಿರಿಯರು ಜೀತಕ್ಕಿದ್ದ ಮನೆತನದವರು ಎದುರಿಗೇ ಕೂತಿರಬಹುದು. ಊರಿನ ಯಾವ ಮನೆಯ ಉದಾಹರಣೆಯೂ ಬೇಡ.

ಈ ಚಿತ್ರವನ್ನು ತೀರಾ ಎಳೆಯಲೂ ಬಾರದು. ಹಣ ಯಾರ ಕೈಗೆ ಹೋಯಿತು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಹೊಸ ಒಡಂಬಡಿಕೆ ಅದನ್ನು ಹೇಳುವುದಿಲ್ಲ; ಸೈತಾನನಿಗೆ ಕೊಟ್ಟ ಎಂದು ನಾವು ಸೇರಿಸಬಾರದು. ವಿಮೋಚನಕಾಂಡ 6:6ರಲ್ಲಂತೂ ದೇವರು ಫರೋಹನಿಗೆ ಕಾಸು ಕೊಡದೆ ತನ್ನ ಭುಜಬಲದಿಂದಲೇ ಜನರನ್ನು ಬಿಡಿಸುತ್ತಾನೆ. ಅಲ್ಲಿಗೂ ಲೂಕ 21:28ಕ್ಕೂ ‘ಬಿಡುಗಡೆ’ ಧಾರಾಳವಾಗಿ ಸಾಕು.

ಪ್ರಸಂಗಕ್ಕೆ ಮೊದಲೇ ಓದುಬರಹ ಬಾರದ ಒಬ್ಬರಿಗೆ ಆ ಮೂರು ವಾಕ್ಯ ಹೇಳಿ ನೋಡಿ. “ಅರ್ಥ ಆಯ್ತಾ?” ಎಂದರೆ ಮರ್ಯಾದೆಗಾದರೂ “ಹೌದು ಅಯ್ಯನೋರೆ” ಅನ್ನುತ್ತಾರೆ. ಅದರ ಬದಲು, “ಇದನ್ನ ಮನೇಲಿ ಮಕ್ಕಳಿಗೆ ಹೇಗೆ ಹೇಳ್ತೀರಿ?” ಎಂದು ಕೇಳಿ. “ಯೇಸಪ್ಪ ಕಟ್ಟಿದಾನೆ, ನಾವು ನಿಧಾನಕ್ಕೆ ತೀರಿಸ್ಬೇಕು” ಎಂಬ ಉತ್ತರ ಬಂದರೆ ಅವರು ಅದನ್ನು ಕೈಸಾಲ ಎಂದುಕೊಂಡಿದ್ದಾರೆ. ಆಗ “ಬಾಕಿ ಏನೂ ಉಳಿದಿಲ್ಲ” ಎಂಬ ನಾಲ್ಕನೆಯ ವಾಕ್ಯ ಸೇರಿಸಿ, ಮತ್ತೆ ಅವರ ಬಾಯಿಂದಲೇ ಹೇಳಿಸಿ.