ನಾಣ್ಯ ಚಿಮ್ಮಿದರೆ ಗುಂಪುಗಳು ಸಮನಾಗುವುದಿಲ್ಲ

ಹೊಸ ಔಷಧ ಯಾರಿಗೆ, ಹಳೆಯದು ಯಾರಿಗೆ ಎಂಬುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸಿದರೆ ಎರಡೂ ಗುಂಪುಗಳು ತಾವಾಗಿಯೇ ಸಮನಾಗುತ್ತವೆ ಎಂಬ ನಂಬಿಕೆ ಓದಿದವರಲ್ಲೂ ಬೇರೂರಿದೆ. ಸಾವಿರಾರು ಜನರಿದ್ದರೆ ಅದು ಹೆಚ್ಚುಕಡಿಮೆ ನಿಜ. ಆದರೆ 24 ಜನರ ಪ್ರಯೋಗದಲ್ಲಿ ಸರಿಯಾಗಿ 12–12 ಬರುವ ಸಾಧ್ಯತೆ ಸುಮಾರು ಶೇ 16 ಮಾತ್ರ. ಒಂದೇ ಕಡೆ 16 ಅಥವಾ ಇನ್ನೂ ಹೆಚ್ಚು ಜನ ಸೇರಿಬಿಡುವ ಸಾಧ್ಯತೆಯೂ ಹತ್ತಿರಹತ್ತಿರ ಅಷ್ಟೇ ಇದೆ!

ಇದಕ್ಕೆ ಪರಿಹಾರ ಬ್ಲಾಕ್ ಪದ್ಧತಿ. ನಾಲ್ವರ ಒಂದು ಬ್ಲಾಕ್ ಎಂದುಕೊಳ್ಳೋಣ. ಅದರಲ್ಲಿ ಇಬ್ಬರಿಗೆ ಎ ಎಂಬ ಹೊಸ ಔಷಧ, ಇಬ್ಬರಿಗೆ ಬಿ ಎಂಬ ಹಳೆಯದು ಸಿಗಲೇಬೇಕು. ಎ-ಎ-ಬಿ-ಬಿ, ಎ-ಬಿ-ಎ-ಬಿ, ಎ-ಬಿ-ಬಿ-ಎ, ಇವುಗಳಲ್ಲಿ ಎ ಇದ್ದಲ್ಲಿ ಬಿ, ಬಿ ಇದ್ದಲ್ಲಿ ಎ ಇಟ್ಟರೆ ಇನ್ನೂ ಮೂರು. ಒಟ್ಟು ಆರೇ ಕ್ರಮಗಳು. ದಾಳ ಉರುಳಿಸಿ ಒಂದನ್ನು ಆರಿಸಿಕೊಂಡರಾಯಿತು. ಪ್ರಯೋಗ ಯಾವ ಹಂತದಲ್ಲಿ ನಿಂತರೂ ಗುಂಪುಗಳ ಅಂತರ ಎರಡನ್ನು ಮೀರುವುದಿಲ್ಲ.

ಸಂಖ್ಯೆ ಸಮನಾದರೆ ಸಾಲದು. ತೀವ್ರ ಕಾಯಿಲೆಯವರೆಲ್ಲ ಎ ಗುಂಪಿಗೇ ಬಿದ್ದರೆ ಔಷಧ ಸೋತಂತೆ ಕಾಣುತ್ತದೆ. ಆದ್ದರಿಂದ ಮೊದಲೇ ಸ್ತರಗಳನ್ನು ಮಾಡಬೇಕು: ತೀವ್ರ ಕಾಯಿಲೆಯವರಿಗೆ ಒಂದು ಪಟ್ಟಿ, ಸೌಮ್ಯ ಕಾಯಿಲೆಯವರಿಗೆ ಇನ್ನೊಂದು. ಪಟ್ಟಿ ಬೇರೆ ಮಾಡಿಯೂ ಒಳಗೆ ನಾಣ್ಯವನ್ನೇ ಚಿಮ್ಮುವವರನ್ನು ಕಂಡರೆ ನನಗೆ ತಾಳ್ಮೆ ಉಳಿಯುವುದಿಲ್ಲ. ಆ ಶ್ರಮವೆಲ್ಲ ವ್ಯರ್ಥ. ಪ್ರತಿ ಸ್ತರದೊಳಗೂ ಬ್ಲಾಕ್ ಇದ್ದಾಗಲೇ ಸಮತೋಲನ ಬರುತ್ತದೆ.

24 ಜನರಲ್ಲಿ 10 ಮಂದಿಗೆ ಕಾಯಿಲೆ ತೀವ್ರವಾಗಿದೆ ಎನ್ನೋಣ. ಎರಡು ಬ್ಲಾಕ್ ಮುಗಿದಾಗ 4–4. ಉಳಿದಿಬ್ಬರು ಮೂರನೆಯ ಬ್ಲಾಕಿನ ಮೊದಲೆರಡು ಸ್ಥಾನಕ್ಕೆ ಹೋಗುತ್ತಾರೆ. ಆ ಎರಡೂ ಒಂದೇ ಗುಂಪಿನವಾಗುವ ಸಾಧ್ಯತೆ ಮೂರರಲ್ಲೊಂದು. ಆಗಲೂ 6–4ಕ್ಕಿಂತ ಕೆಡುವುದಿಲ್ಲ. ಆದರೆ ವಯಸ್ಸು, ಲಿಂಗ ಎಂದು ಸ್ತರಗಳನ್ನು ಎಂಟಕ್ಕೆ ಏರಿಸಿದರೆ ಸರಾಸರಿ ತಲಾ ಮೂವರು! ಬಹುತೇಕ ಬ್ಲಾಕುಗಳು ಅರ್ಧಕ್ಕೇ ನಿಂತು, ಆ ಚಿಕ್ಕಪುಟ್ಟ ಅಂತರಗಳೆಲ್ಲ ಕೂಡಿಕೊಂಡು ಅಸಮತೋಲನ ಮರಳಿ ಬರುತ್ತದೆ. ಇಷ್ಟು ಚಿಕ್ಕ ಪ್ರಯೋಗಕ್ಕೆ ಒಂದು, ಹೆಚ್ಚೆಂದರೆ ಎರಡು ಅಂಶ ಸಾಕು. ಫಲಿತಾಂಶ ವಿಶ್ಲೇಷಿಸುವಾಗಲೂ ಅವೇ ಸ್ತರಗಳನ್ನು ಲೆಕ್ಕಕ್ಕೆ ಹಿಡಿಯಬೇಕು.

1948ರಲ್ಲಿ ಪ್ರಕಟವಾದ, ಕ್ಷಯಕ್ಕೆ ಸ್ಟ್ರೆಪ್ಟೋಮೈಸಿನ್ ಕೊಟ್ಟು ನೋಡಿದ ಬ್ರಿಟಿಷ್ ಪ್ರಯೋಗದಲ್ಲಿ ಸಂಖ್ಯಾಶಾಸ್ತ್ರಜ್ಞ ಬ್ರಾಡ್‌ಫರ್ಡ್ ಹಿಲ್ ಪ್ರತಿ ಆಸ್ಪತ್ರೆಗೂ, ಅಲ್ಲಿನ ಗಂಡಸರಿಗೂ ಹೆಂಗಸರಿಗೂ ಪ್ರತ್ಯೇಕ ಪಟ್ಟಿ ಮಾಡಿ, ಮೊಹರು ಹಾಕಿದ ಲಕೋಟೆಗಳಲ್ಲಿ ಇರಿಸಿದ್ದರು. ಆ ಗುಟ್ಟಿಗೆ ಕಾರಣವಿದೆ. ಯಾರಿಗೆ ಯಾವ ಚಿಕಿತ್ಸೆ ಎಂಬುದು ಕಣ್ಣಿಗೆ ಕಾಣುವ ಪ್ರಯೋಗದಲ್ಲಿ, ಬ್ಲಾಕಿನ ಗಾತ್ರ ನಾಲ್ಕೆಂದು ವೈದ್ಯರಿಗೆ ತಿಳಿದರೆ, ಎ-ಎ ಬಂದೊಡನೆ ಮುಂದಿನ ಎರಡೂ ಬಿ ಎಂದು ಹೇಳಿಬಿಡಬಹುದು. ಆಗ ತಮಗೆ ಬೇಕಾದ ರೋಗಿಯನ್ನು ಬೇಕಾದ ಸರದಿಗೆ ತಡೆದಿಡುವ ಆಸೆ ಹುಟ್ಟುತ್ತದೆ. ಅದಕ್ಕಾಗಿಯೇ ನಾಲ್ಕು ಮತ್ತು ಆರರ ಬ್ಲಾಕುಗಳನ್ನು ಯಾದೃಚ್ಛಿಕವಾಗಿ ಬೆರೆಸುತ್ತಾರೆ. ರೋಗಿಗಳನ್ನು ಸೇರಿಸಿಕೊಳ್ಳುವವರ ಕೈಗೆ ಹೋಗುವ ಕಾಗದಪತ್ರಗಳಲ್ಲಿ ಆ ಗಾತ್ರಗಳನ್ನು ನಮೂದಿಸುವುದಿಲ್ಲ.